ಆರ್ಡರ್ ಆದ್ಮೇಲೆ ಹಿಯರಿಂಗ್ ಕೊಟ್ರೆ ಸರಿ ಹೋಗತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪೋಸ್ಟ್ ಡಿಸಿಷನಲ್ ಹಿಯರಿಂಗ್ ಅಂದ್ರೆ ಏನು, ಸರಳವಾಗಿ ಹೇಳಿ?

ನಿಮ್ಮ ಲೈಸೆನ್ಸ್ ಸಸ್ಪೆಂಡ್ ಆಯ್ತು, ಪಾಸ್‌ಪೋರ್ಟ್ ಹಿಡಿದಿಟ್ಕೊಂಡ್ರು, ಕೆಲಸದಿಂದ ತೆಗೆದ್ರು ಅಂತಿಟ್ಕೊಳ್ಳಿ. ಅದಕ್ಕೆ ಮುಂಚೆ ನಿಮ್ಮನ್ನ ಯಾರೂ ಒಂದು ಮಾತು ಕೇಳಿರಲಿಲ್ಲ. ಆರ್ಡರ್ ಕೈಗೆ ಬಂದ್ಮೇಲೆ ಅದರ ಕೊನೆ ಪ್ಯಾರಾದಲ್ಲಿ 'ಆಕ್ಷೇಪಣೆ ಇದ್ದಲ್ಲಿ 15 ದಿನದೊಳಗೆ ಸಲ್ಲಿಸಬಹುದು' ಅಂತ ಒಂದು ಸಾಲು ಇರತ್ತೆ, ಅಥವಾ ನೀವು ಗಲಾಟೆ ಮಾಡಿದ್ಮೇಲೆ 'ಬನ್ನಿ, ನಿಮ್ಮ ಮಾತೂ ಕೇಳ್ತೀವಿ' ಅಂತ ಕರೀತಾರೆ. ಹೀಗೆ ನಿರ್ಧಾರ ಆದ್ಮೇಲೆ ಕೊಡೋ ವಿಚಾರಣೆಯೇ ಪೋಸ್ಟ್ ಡಿಸಿಷನಲ್ ಹಿಯರಿಂಗ್. ಮೊದಲೇ ಕೇಳದೇ ಇದ್ದ ತಪ್ಪು ಈ ಆಮೇಲಿನ ಹಿಯರಿಂಗ್‌ನಿಂದ ತೊಳೆದು ಹೋಗತ್ತಾ ಅನ್ನೋದೇ ಇಲ್ಲಿರೋ ಪ್ರಶ್ನೆ. ಕೆಲವು ಸಲ ಹೋಗತ್ತೆ, ಬಹಳಷ್ಟು ಸಲ ಹೋಗಲ್ಲ, ಮತ್ತೆ ಯಾವಾಗ ಯಾವುದು ಅನ್ನೋದಕ್ಕೆ ಒಂದು ಲೆಕ್ಕ ಇದೆ, ಅದನ್ನೇ ಕೆಳಗೆ ಬಿಡಿಸಿ ಹೇಳ್ತೀನಿ.

ಇದು ಎಲ್ಲಿಂದ ಬಂತು? ಯಾವ ಕಾಯ್ದೆಯಲ್ಲಿದೆ?

ಒಂದೇ ಕಾಯ್ದೆಯಲ್ಲಿ ಬರೆದಿಟ್ಟಿರೋ ವಿಷಯ ಅಲ್ಲ ಇದು, ಕೋರ್ಟುಗಳು ಕೇಸಿಂದ ಕೇಸಿಗೆ ಕಟ್ಟಿದ್ದು. ನಮ್ಮಲ್ಲಿ ಇದರ ದೊಡ್ಡ ಮೈಲಿಗಲ್ಲು ಮೇನಕಾ ಗಾಂಧಿ ಕೇಸ್. ಆ ಕೇಸನ್ನ 21ನೇ ವಿಧಿಗೋಸ್ಕರ ಎಲ್ಲರೂ ನೆನಪಿಟ್ಕೋತಾರೆ, ಆದ್ರೆ ಅದರಲ್ಲಿ ನಡೆದಿದ್ದನ್ನ ತಾರೀಕು ಪ್ರಕಾರ ನೋಡಿದ್ರೆ ನಮ್ಮ ಪ್ರಶ್ನೆಗೆ ಬೇಕಾದ್ದು ಸುಮಾರೆಲ್ಲ ಅಲ್ಲೇ ಸಿಗತ್ತೆ.

1977ರ ಜುಲೈ 2ನೇ ತಾರೀಕಿನ ಸರ್ಕಾರದ ಪತ್ರ ಮೇನಕಾ ಅವರ ಕೈ ಸೇರಿದ್ದು ಜುಲೈ 4ಕ್ಕೆ. 'ಸಾರ್ವಜನಿಕ ಹಿತದೃಷ್ಟಿಯಿಂದ' ನಿಮ್ಮ ಪಾಸ್‌ಪೋರ್ಟ್ ಇಂಪೌಂಡ್ ಮಾಡೋಕೆ, ಅಂದ್ರೆ ಹಿಡಿದಿಟ್ಕೊಳ್ಳೋಕೆ, ಸರ್ಕಾರ ನಿರ್ಧರಿಸಿದೆ, 7 ದಿನದಲ್ಲಿ ತಂದೊಪ್ಪಿಸಿ ಅಂತ. ಮುಂಚೆ ನೋಟಿಸ್ ಇಲ್ಲ, ಏನೂ ಇಲ್ಲ. ಮಾರನೇ ದಿನವೇ ಅವರು ಕಾರಣ ಕೊಡಿ ಅಂತ ಬರೆದ್ರು, ಜುಲೈ 6ಕ್ಕೆ ಉತ್ತರ ಬಂತು, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಕೊಡಲ್ಲ ಅಂತ! ಅವರು ಸೀದಾ ಸುಪ್ರೀಂ ಕೋರ್ಟಿಗೆ ಹೋದ್ರು.

ಸರ್ಕಾರದ ವಾದ ಏನು ಅಂದ್ರೆ, ಪಾಸ್‌ಪೋರ್ಟ್ ಕಿತ್ಕೊಳ್ಳೋಕೆ ಮುಂಚೆ ನೋಟಿಸ್ ಕೊಟ್ರೆ ಆ ಮನುಷ್ಯ ಅಷ್ಟರೊಳಗೆ ದೇಶ ಬಿಟ್ಟು ಹೋಗ್ಬಹುದು, ಆಗ ಆ ಅಧಿಕಾರ ಇದ್ದೂ ಪ್ರಯೋಜನ ಇಲ್ಲ, ಹಾಗಾಗಿ ಇಂಥ ಕಡೆ ಹಿಯರಿಂಗೇ ಬೇಡ. ನ್ಯಾಯಮೂರ್ತಿ ಭಗವತಿ ಈ ವಾದದ ಮೊದಲರ್ಧ ಒಪ್ಪಿ ಎರಡನೇ ಅರ್ಧ ತಳ್ಳಿಹಾಕಿದ್ರು. ಮುಂಚೆ ಕೇಳಿದ್ರೆ ಉದ್ದೇಶ ಹಾಳಾಗತ್ತೆ ಅನ್ನೋದು ನಿಜ ಇರಬಹುದು, ಆದ್ರೆ ಅದರಿಂದ ಕೇಳೋದೇ ಬೇಡ ಅಂತ ಆಗಲ್ಲ, ಪಾಸ್‌ಪೋರ್ಟ್ ಹಿಡಿದ ತಕ್ಷಣ ಅವರ ಮಾತು ಕೇಳಿ, ಸರಿ ಇದ್ರೆ ವಾಪಸ್ ಕೊಡಿ. ಇಲ್ಲಿಂದಲೇ ಆಮೇಲಿನ ಹಿಯರಿಂಗ್‌ಗೆ ನಮ್ಮ ಕಾನೂನಲ್ಲಿ ಗಟ್ಟಿ ಜಾಗ ಸಿಕ್ಕಿದ್ದು.

1978ರ ಜನವರಿ 25ಕ್ಕೆ ತೀರ್ಪು ಬಂದಾಗ ಆ ಆರ್ಡರ್ ರದ್ದಾಗಲಿಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಕಾರಣ ಅಟಾರ್ನಿ ಜನರಲ್ ಕೊಟ್ಟ ಮಾತು: ಮೇನಕಾ ಮನವಿ ಕೊಟ್ಟ 2 ವಾರದಲ್ಲಿ ಸರ್ಕಾರ ಅದನ್ನ ಪರಿಶೀಲಿಸತ್ತೆ, ಇಂಪೌಂಡ್ ಮಾಡಿದ್ದು ಸರಿ ಅಂತಲೇ ಆದ್ರೂ ಆ ನಿರ್ಧಾರದಿಂದ 6 ತಿಂಗಳಿಗಿಂತ ಹೆಚ್ಚು ಹಿಡಿದಿಟ್ಕೊಳ್ಳಲ್ಲ. ಮುಖ್ಯ ನ್ಯಾಯಮೂರ್ತಿ ಬೇಗ್ ಮಾತ್ರ ಆರ್ಡರ್ ರದ್ದು ಮಾಡ್ಬೇಕಿತ್ತು ಅನ್ನೋ ಅಭಿಪ್ರಾಯದಲ್ಲಿದ್ರು. ನನಗೆ ಕೇಳಿದ್ರೆ ಬೇಗ್ ಹೇಳಿದ್ದೇ ಸರಿ ಅನ್ಸತ್ತೆ, ಯಾಕಂದ್ರೆ ಜುಲೈನಲ್ಲಿ ಆದ ತಪ್ಪಿಗೆ ಮುಂದಿನ ಜನವರಿವರೆಗೂ 'ತಕ್ಷಣದ ಹಿಯರಿಂಗ್' ಆಗಿರಲಿಲ್ಲ.

ಹಾಗಾದ್ರೆ ಯಾವ ಅಧಿಕಾರಿ ಬೇಕಾದ್ರೂ ಮೊದಲು ಆರ್ಡರ್ ಹಾಕಿ ಆಮೇಲೆ ಕೇಳಬಹುದು ಅಂತಾಯ್ತಲ್ಲ?

ಇಲ್ಲ. ಮೊದಲು ಕೇಳೋದೇ ನಿಯಮ, ಆಮೇಲೆ ಕೇಳೋದು ಅಪವಾದ. ಅಧಿಕಾರಿಗೆ ಯಾವುದು ಅನುಕೂಲವೋ ಅದನ್ನ ಆರಿಸಿಕೊಳ್ಳೋ ಸ್ವಾತಂತ್ರ್ಯ ಇಲ್ಲ.

ಸ್ವದೇಶಿ ಕಾಟನ್ ಮಿಲ್ಸ್ ಕೇಸಲ್ಲಿ ಇದು ಸ್ಪಷ್ಟ ಆಯ್ತು. 1978ರ ಏಪ್ರಿಲ್ 13ಕ್ಕೆ ಕೇಂದ್ರ ಸರ್ಕಾರ ಆ ಕಂಪನಿಯ ಮಿಲ್‌ಗಳ ಆಡಳಿತವನ್ನ ಕೈಗೆ ತಗೊಂಡು ನ್ಯಾಷನಲ್ ಟೆಕ್ಸ್‌ಟೈಲ್ ಕಾರ್ಪೊರೇಷನ್‌ಗೆ ಕೊಡ್ತು, ಕಂಪನಿಯನ್ನ ಒಂದು ಮಾತೂ ಕೇಳದೆ. ಕಾಯ್ದೆಯಲ್ಲೇ 'ತಕ್ಷಣದ ಕ್ರಮ' ಅನ್ನೋ ಮಾತಿದೆ, ಮೇಲಾಗಿ ಟೇಕೋವರ್ ಆದ್ಮೇಲೆ ಅದನ್ನ ರದ್ದು ಮಾಡಿ ಅಂತ ಅರ್ಜಿ ಹಾಕೋಕೂ ಸೆಕ್ಷನ್ ಇದೆ, ಇನ್ನೇನು ಬೇಕು ಅಂತ ಸರ್ಕಾರ ವಾದಿಸ್ತು. 1981ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಒಪ್ಪಲಿಲ್ಲ. ಅರ್ಜೆಂಟ್ ಇದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಅರ್ಜೆಂಟ್ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಹಾಗೆ ಹಿಯರಿಂಗನ್ನ ಚಿಕ್ಕದು ಮಾಡಬಹುದು, ಪೂರ್ತಿ ಕೈಬಿಡೋ ಹಾಗಿಲ್ಲ. ಆಮೇಲೆ ಅರ್ಜಿ ಹಾಕೋ ಸೆಕ್ಷನ್ ಇದೆ ಅನ್ನೋದು ಮುಂಚಿನ ಹಿಯರಿಂಗ್‌ಗೆ ಬದಲಿ ಆಗಲ್ಲ.

ಇದು ದಿನನಿತ್ಯ ಉಪಯೋಗಕ್ಕೆ ಬರೋ ಮಾತು. ಎರಡೇ ದಿನದ ಟೈಮ್ ಇದ್ರೆ ಎರಡು ದಿನದ ನೋಟಿಸ್ ಕೊಡಿ, ಫೋನಲ್ಲಿ ಕರೆದು ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಫೈಲು 4 ತಿಂಗಳು ಟೇಬಲ್ ಮೇಲೆ ಇದ್ದು ಐದನೇ ತಿಂಗಳು ಆರ್ಡರ್ ಬಂದು 'ತುರ್ತು ಇದ್ದಿದ್ರಿಂದ ನೋಟಿಸ್ ಕೊಟ್ಟಿಲ್ಲ' ಅಂತ ಬರೆದಿದ್ರೆ, ಆ ಫೈಲಿನ ತಾರೀಕುಗಳೇ ನಿಮ್ಮ ಪರ ಸಾಕ್ಷಿ ಹೇಳ್ತವೆ. ಆದ್ರಿಂದ ನಾನು ಯಾವ ಕಕ್ಷಿದಾರರು ಬಂದ್ರೂ ಮೊದಲು ಕೇಳೋದು ದೂರು ಯಾವತ್ತು ಬಂತು, ಇನ್ಸ್‌ಪೆಕ್ಷನ್ ಯಾವತ್ತು ಆಯ್ತು, ಆರ್ಡರ್ ಯಾವತ್ತು ಅಂತ. ಈ ಮೂರು ತಾರೀಕು ಒಂದು ಹಾಳೆಯಲ್ಲಿ ಬರೆದ್ರೆ ಅರ್ಧ ಕೇಸ್ ಅಲ್ಲೇ ಕಾಣತ್ತೆ.

ಸರಿ, ಆಮೇಲಿನ ಹಿಯರಿಂಗ್ ನಿಜವಾಗ್ಲೂ ನಡೆಯೋದು ಯಾವಾಗ?

ಆರ್ಡರ್ ತಾತ್ಕಾಲಿಕ ಇದ್ದಾಗ. 1984ರ ಲಿಬರ್ಟಿ ಆಯಿಲ್ ಮಿಲ್ಸ್ ಕೇಸಲ್ಲಿ ಆಮದು ಲೈಸೆನ್ಸ್ ಕೊಡೋದನ್ನ ತನಿಖೆ ಮುಗಿಯೋವರೆಗೂ ತಡೆಹಿಡಿಯೋ ಅಧಿಕಾರದ ಪ್ರಶ್ನೆ ಬಂದಿತ್ತು. ಪೂರ್ತಿ ನಿಷೇಧಿಸೋದೇ ಬೇರೆ, ತನಿಖೆ ಮುಗಿಯೋವರೆಗೂ ನಿಲ್ಲಿಸಿಡೋದೇ ಬೇರೆ ಅಂತ ಕೋರ್ಟ್ ನೋಡ್ತು. ಎರಡನೇ ಥರದ್ದಕ್ಕೆ ಮುಂಚೆ ನೋಟಿಸ್ ಕೊಡ್ತಾ ಕೂತ್ರೆ ಅಷ್ಟರಲ್ಲಿ ಮಾಲು ಬಂದಿಳಿದು ಮಾರಾಟವೂ ಆಗಿಹೋಗಬಹುದು, ಹಾಗಾಗಿ ಮೊದಲು ನಿಲ್ಲಿಸಿ ಆಮೇಲೆ ಅವರ ಅಹವಾಲು ಕೇಳಿದ್ರೂ ಸಹಜ ನ್ಯಾಯ, ಅಂದ್ರೆ ಯಾರ ಮೇಲೆ ಕ್ರಮವೋ ಅವರ ಮಾತು ಕೇಳಬೇಕು ಅನ್ನೋ ತತ್ವ, ಉಳಿಯತ್ತೆ, ಆದ್ರೆ ಕೇಳಲೇಬೇಕು.

ಮೇನಕಾ ಕೇಸು, ಇದು, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಲೆಕ್ಕ ಹೀಗೆ ಬರತ್ತೆ. ಮುಂಚೆ ಕೇಳಿದ್ರೆ ಕ್ರಮದ ಉದ್ದೇಶವೇ ಕೈ ತಪ್ಪಿ ಹೋಗೋ ಹಾಗಿರಬೇಕು. ಆರ್ಡರ್ ವಾಪಸ್ ತಗೊಂಡ್ರೆ ನೀವು ಮೊದಲಿದ್ದ ಜಾಗಕ್ಕೆ ಹೆಚ್ಚುಕಮ್ಮಿ ಮರಳಿ ಬರೋ ಹಾಗಿರಬೇಕು, ಅಂದ್ರೆ ಪಾಸ್‌ಪೋರ್ಟ್ ವಾಪಸ್ ಕೊಡಬಹುದು, ನಿಲ್ಲಿಸಿದ ಲೈಸೆನ್ಸ್ ಚಾಲೂ ಮಾಡಬಹುದು, ಆದ್ರೆ ಕೆಡವಿದ ಮನೆ ವಾಪಸ್ ಬರಲ್ಲ. ಮತ್ತೆ ಹಿಯರಿಂಗ್ ಬೇಗ ಆಗಬೇಕು, ಕೇಳೋರಿಗೆ ಆರ್ಡರ್ ವಾಪಸ್ ತಗೊಳ್ಳೋ ಅಧಿಕಾರ ಇರಬೇಕು. ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿಯ ಕಾಯ್ದೆಯ ಸೆಕ್ಷನ್ 11(4) ನೋಡಿ, ಅಲ್ಲಿ ಆರ್ಡರ್‌ಗೆ ಮುಂಚೆ ಆಗ್ಲಿ ನಂತರ ಆಗ್ಲಿ ಹಿಯರಿಂಗ್ ಕೊಡಬೇಕು ಅಂತ ಕಾಯ್ದೆಯೇ ಹೇಳತ್ತೆ, ಯಾಕಂದ್ರೆ ಷೇರಲ್ಲಿ ಮೋಸ ಮಾಡ್ತಿರೋನಿಗೆ ಮುಂಚೆ ನೋಟಿಸ್ ಕೊಟ್ರೆ ದುಡ್ಡು ಬೇರೆ ಅಕೌಂಟಿಗೆ ಹೋಗಿರತ್ತೆ.

ನಡೆಯದೇ ಇರೋದು ಯಾವಾಗ?

ಆರ್ಡರ್‌ನಿಂದಲೇ ಕಥೆ ಮುಗಿದು ಹೋಗಿದ್ದಾಗ. ಇದಕ್ಕೆ ನಾನು ಯಾವಾಗ್ಲೂ ಹೇಳೋದು 1987ರ ಕೆ.ಐ. ಶೆಫರ್ಡ್ ಕೇಸ್. ಹಿಂದೂಸ್ತಾನ್ ಕಮರ್ಷಿಯಲ್ ಬ್ಯಾಂಕ್, ಬ್ಯಾಂಕ್ ಆಫ್ ಕೊಚ್ಚಿನ್, ಲಕ್ಷ್ಮಿ ಕಮರ್ಷಿಯಲ್ ಬ್ಯಾಂಕ್, ಈ ಮೂರು ಮುಳುಗ್ತಾ ಇದ್ದ ಬ್ಯಾಂಕುಗಳನ್ನ ದೊಡ್ಡ ಬ್ಯಾಂಕುಗಳ ಜೊತೆ ವಿಲೀನ ಮಾಡಿದ್ರು. ಲಕ್ಷ್ಮಿ ಕಮರ್ಷಿಯಲ್ ಬಂದು ಸೇರಿದ್ದು ನಮ್ಮ ಕೆನರಾ ಬ್ಯಾಂಕಿಗೆ. ಬ್ಯಾಂಕೇನೋ ಸೇರ್ತು, ಆದ್ರೆ ನೂರಕ್ಕೂ ಹೆಚ್ಚು ನೌಕರರ ಹೆಸರನ್ನ ಪಟ್ಟಿಯಿಂದ ಬಿಟ್ರು, ಇವರು ಸರಿ ಇಲ್ಲ ಅನ್ನೋ ಕಾರಣಕ್ಕೆ, ಅವರನ್ನ ಕೇಳದೆಯೇ. ಒಂದು ದಿನ ಬೆಳಿಗ್ಗೆ ಉಳಿದೋರೆಲ್ಲ ಹೊಸ ಬ್ಯಾಂಕಿನ ನೌಕರರು, ಇವರು ಯಾರಿಗೂ ಬೇಡದೋರು.

ಈಗ ಬೇಕಾದ್ರೆ ಮನವಿ ಕೊಡಲಿ ಪರಿಶೀಲಿಸೋಣ ಅನ್ನೋ ಮಾತನ್ನ ಕೋರ್ಟ್ ಒಪ್ಪಲಿಲ್ಲ. ಮೊದಲು ಹೊರಗೆ ಹಾಕಿ ಆಮೇಲೆ ಮನವಿ ಕೊಡಿ ಅನ್ನೋದಕ್ಕೆ ಸಮರ್ಥನೆ ಇಲ್ಲ, ಒಂದು ಸಲ ನಿರ್ಧಾರ ಆಗಿಹೋದ್ರೆ ಅದನ್ನೇ ಎತ್ತಿಹಿಡಿಯೋ ಪ್ರವೃತ್ತಿ ಇರತ್ತೆ ಅನ್ನೋದು ಎಲ್ಲರ ಅನುಭವ, ಆಮೇಲೆ ಕೊಟ್ಟ ಮನವಿಯಿಂದ ಏನೂ ಫಲ ಸಿಗದೇ ಹೋಗಬಹುದು ಅಂತ ಹೇಳ್ತು. ಮುಂದೆ ಕ್ಯಾಲ್ಟೆಕ್ಸ್ ನೌಕರರ ಸೌಲಭ್ಯ ಕಡಿತ ಮಾಡಿದ ಎಚ್.ಎಲ್. ಟ್ರೆಹಾನ್ ಕೇಸಲ್ಲಿ ಇದೇ ಮಾತನ್ನ ಇನ್ನೂ ಖಡಾಖಂಡಿತವಾಗಿ ಹೇಳಿದ್ರು, ನಿರ್ಧಾರ ಆದ್ಮೇಲೆ ಕೇಳೋಕೆ ಕೂತೋರ ಮನಸ್ಸು ಸಹಜವಾಗಿ ಮುಚ್ಚಿರತ್ತೆ ಅಂತ.

ಅದನ್ನ ನಾನು ಕಣ್ಣಾರೆ ನೋಡಿದೀನಿ. ಒಂದು ಕಚೇರಿಯಲ್ಲಿ ಲೈಸೆನ್ಸ್ ರದ್ದಾದ ಹಿರಿಯರೊಬ್ಬರ ಜೊತೆ 'ನಂತರದ' ಹಿಯರಿಂಗ್‌ಗೆ ಹೋಗಿದ್ದೆ. ಅವರು ರಸೀದಿಗಳನ್ನ ವರ್ಷವಾರು ದಾರ ಕಟ್ಟಿ ಒಂದು ಬಟ್ಟೆ ಚೀಲದಲ್ಲಿ ತಂದಿದ್ರು. ಅಧಿಕಾರಿ ಚೀಲದ ಕಡೆ ನೋಡಲೂ ಇಲ್ಲ, 'ಯಜಮಾನ್ರೇ, ಆರ್ಡರ್ ಆಗಿದೆಯಲ್ಲ, ಈಗ ನಾನೇ ಹೇಗೆ ತಪ್ಪು ಅಂತ ಬರೀಲಿ, ಅಪೀಲ್ ಹೋಗಿ' ಅಂದ್ರು. ಕೆಟ್ಟ ಮನುಷ್ಯರೇನೂ ಅಲ್ಲ ಅವರು, ಇದ್ದದ್ದನ್ನೇ ಹೇಳಿದ್ರು. ಸಹಿ ಹಾಕಿದ ಕೈ ತನ್ನ ಸಹಿ ಮೇಲೆ ಗೀಟು ಹಾಕೋದು ಕಷ್ಟ, ಅದಕ್ಕೇ ಕಾನೂನು ಸಹಿಗೆ ಮುಂಚೆ ಕೇಳು ಅನ್ನೋದು.

ಕಾಯ್ದೆಯಲ್ಲೇ 'ಅವಕಾಶ ಕೊಡದೆ ಆದೇಶ ಮಾಡತಕ್ಕದ್ದಲ್ಲ' ಅಂತ ಇದ್ರೆ?

ಹಾಗಿದ್ರೆ ನಿಮ್ಮ ವಾದ ತುಂಬ ಗಟ್ಟಿ. ಕಾಯ್ದೆ ಮೌನವಾಗಿದ್ದಾಗ ಮಾತ್ರ ಮುಂಚೆಯೋ ಆಮೇಲೆಯೋ ಅನ್ನೋ ಚರ್ಚೆಗೆ ಜಾಗ, ಕಾಯ್ದೆಯೇ ಮುಂಚೆ ಅಂತ ಹೇಳಿದ್ಮೇಲೆ ಅಧಿಕಾರಿ ಅದನ್ನ ಆಮೇಲೆಗೆ ಬದಲಾಯಿಸೋಕೆ ಬರಲ್ಲ. ಜಿಎಸ್‌ಟಿಯಲ್ಲಿ ಒಂದೇ ಫೈಲಲ್ಲಿ ಎರಡೂ ಥರ ಸಿಗತ್ತೆ, ಅದನ್ನೇ ಉದಾಹರಣೆಯಾಗಿ ತಗೊಳ್ಳೋಣ.

ಜಿಎಸ್‌ಟಿ ರಿಜಿಸ್ಟ್ರೇಷನ್ ಉದಾಹರಣೆ ಬಿಡಿಸಿ ಹೇಳಿ.

ತಿಪಟೂರು ಕಡೆ ಒಬ್ಬ ಕೊಬ್ಬರಿ ವ್ಯಾಪಾರಿ ಇದಾರೆ ಅಂದುಕೊಳ್ಳಿ, ಇದು ನಾನು ಕಟ್ಟಿದ ಉದಾಹರಣೆ. ಅಧಿಕಾರಿಗಳು ಅಂಗಡಿ ನೋಡೋಕೆ ಬಂದ ಹೊತ್ತಿಗೆ ಇವರು ಮಾರ್ಕೆಟ್ ಯಾರ್ಡಲ್ಲಿ, ಅಂಗಡಿ ಷಟರ್ ಹಾಕಿದೆ. ಫೋಟೋ ತಗೊಂಡು ಹೋದ್ರು. ಎರಡು ದಿನ ಬಿಟ್ಟು ಪೋರ್ಟಲಲ್ಲಿ `GST REG-17` ನೋಟಿಸ್ ಬಂತು, ಹೇಳಿದ ವಿಳಾಸದಲ್ಲಿ ವ್ಯವಹಾರ ನಡೀತಿಲ್ಲ, ರಿಜಿಸ್ಟ್ರೇಷನ್ ಯಾಕೆ ಕ್ಯಾನ್ಸಲ್ ಮಾಡಬಾರದು, 7 ವರ್ಕಿಂಗ್ ದಿನದಲ್ಲಿ ಉತ್ತರ ಕೊಡಿ ಅಂತ. ಜೊತೆಗೇ ರಿಜಿಸ್ಟ್ರೇಷನ್ ಸಸ್ಪೆಂಡ್.

ಈ ಸಸ್ಪೆನ್ಷನ್‌ಗೆ ಮುಂಚೆ ಅವರನ್ನ ಯಾರೂ ಕೇಳಿಲ್ಲ. 21ಎ ನಿಯಮದಲ್ಲಿ ಮೊದಲು ಅವಕಾಶ ಕೊಡಬೇಕು ಅನ್ನೋ ಮಾತು ಇತ್ತು, 2020ರ ಡಿಸೆಂಬರಲ್ಲಿ ಅದನ್ನ ತೆಗೆದ್ರು. ಸಸ್ಪೆನ್ಷನ್ ಇರೋವರೆಗೂ ಟ್ಯಾಕ್ಸ್ ಇನ್‌ವಾಯ್ಸ್ ಹಾಕೋ ಹಾಗಿಲ್ಲ, ವ್ಯಾಪಾರಿಗೆ ಅದು ಸಣ್ಣ ಪೆಟ್ಟಲ್ಲ. ಆದ್ರೂ ಇದು ಲಿಬರ್ಟಿ ಆಯಿಲ್ ಥರದ ತಾತ್ಕಾಲಿಕ ತಡೆ: ಬೋಗಸ್ ಬಿಲ್ ಹಾಕೋನಿಗೆ ಮುಂಚೆ ನೋಟಿಸ್ ಕೊಟ್ರೆ ಆ ವಾರದಲ್ಲೇ ಇನ್ನಷ್ಟು ಬಿಲ್ ಹಾಕ್ತಾನೆ, ಇವರ ಉತ್ತರ ಸರಿ ಅನ್ಸಿದ್ರೆ `GST REG-20` ಹಾಕಿ ಕೈಬಿಡ್ತಾರೆ, ಸಸ್ಪೆನ್ಷನ್ ಎದ್ದುಹೋಗತ್ತೆ. ಹಾಗಾಗಿ 'ಸಸ್ಪೆಂಡ್ ಮಾಡೋಕೆ ಮುಂಚೆ ಕೇಳಿಲ್ಲ' ಅನ್ನೋ ಒಂದೇ ಕಾರಣ ಹಿಡ್ಕೊಂಡು ಹೈಕೋರ್ಟಿಗೆ ಓಡೋದು ನನ್ನ ಪ್ರಕಾರ ದುಡ್ಡು ದಂಡ. ಅದೇ ಸಸ್ಪೆನ್ಷನ್ ತಿಂಗಳುಗಟ್ಟಲೆ ಎಳೆದು, ಉತ್ತರ ಕೊಟ್ಟಿದ್ರೂ ಯಾರೂ ಮುಟ್ಟಿಲ್ಲ ಅಂದ್ರೆ ಮಾತು ಬೇರೆ, ಆಗ ಅದು ಹೆಸರಿಗೆ ಮಾತ್ರ ತಾತ್ಕಾಲಿಕ.

ಇನ್ನು ಕ್ಯಾನ್ಸಲೇಷನ್. ಸೆಕ್ಷನ್ 29(2)ರಲ್ಲೇ ಇದೆ, ಅಹವಾಲು ಹೇಳಿಕೊಳ್ಳೋ ಅವಕಾಶ ಕೊಡದೆ ಕ್ಯಾನ್ಸಲ್ ಮಾಡೋ ಹಾಗಿಲ್ಲ. ಈಗ ನಮ್ಮ ವ್ಯಾಪಾರಿ ಐದನೇ ದಿನ `GST REG-18`ರಲ್ಲಿ ಉತ್ತರ ಕೊಟ್ರು, ಕರೆಂಟ್ ಬಿಲ್, ಬಾಡಿಗೆ ಕರಾರು, ಆವತ್ತಿನ ಯಾರ್ಡಿನ ಚೀಟಿ ಎಲ್ಲ ಹಾಕಿದ್ರು. ಆದ್ರೂ `GST REG-19` ಬಂತು, ಅದರಲ್ಲಿ 'ಉತ್ತರ ಬಂದಿಲ್ಲ' ಅಂತಿದೆ ಅಥವಾ ಕಾರಣದ ಜಾಗವೇ ಖಾಲಿ. ಇದು ಹಿಯರಿಂಗ್ ಇಲ್ಲದ ಆರ್ಡರ್. 'ಅದಕ್ಕೇನಂತೆ, ರಿವೊಕೇಷನ್‌ಗೆ ಅರ್ಜಿ ಹಾಕಿ, ಅಲ್ಲಿ ಕೇಳ್ತೀವಿ' ಅಂತಾರೆ. ರಿವೊಕೇಷನ್ ಅಂದ್ರೆ ಕ್ಯಾನ್ಸಲೇಷನ್ ವಾಪಸ್ ತಗೊಳ್ಳಿ ಅಂತ ಕೇಳೋಕೆ ಸೆಕ್ಷನ್ 30ರಲ್ಲಿ ಇರೋ ಪರಿಹಾರ, `GST REG-21`ರಲ್ಲಿ 90 ದಿನದೊಳಗೆ ಹಾಕಬೇಕು, ಅದನ್ನೂ ಕೇಳದೆ ತಿರಸ್ಕರಿಸೋ ಹಾಗಿಲ್ಲ. ಆದ್ರೆ ಅದು ನಿಮಗೆ ಸಿಕ್ಕಿರೋ ಇನ್ನೊಂದು ಬಾಗಿಲು, ಮೊದಲನೇ ಬಾಗಿಲು ಮುಚ್ಚಿದ್ದಕ್ಕೆ ಇಲಾಖೆಗೆ ಸಿಗೋ ಮಾಫಿ ಅಲ್ಲ.

ಹಾಗಂತ ಆ ಬಾಗಿಲು ಬಿಟ್ಕೊಡಬೇಡಿ. ಅಂಗಡಿ ಬೇಗ ಚಾಲೂ ಆಗಬೇಕು ಅಂದ್ರೆ ರಿವೊಕೇಷನ್ ಹಾಕೋದೇ ಬುದ್ಧಿವಂತಿಕೆ, ಅದರಲ್ಲಿ 'ನೋಟಿಸ್‌ಗೆ ಕೊಟ್ಟ ಉತ್ತರ ಪರಿಗಣಿಸಿಲ್ಲ, ಈ ಆಕ್ಷೇಪಣೆ ಉಳಿಸಿಕೊಂಡೇ ಅರ್ಜಿ ಹಾಕ್ತಿದೀನಿ' ಅಂತ ಒಂದು ಸಾಲು ಸೇರಿಸಿ. ಸ್ಥಳ ಪರಿಶೀಲನೆ ವರದಿ `GST REG-30`ರ ಕಾಪಿಯನ್ನೂ ಕೇಳಿ, ಷಟರ್ ಹಾಕಿದ್ದ ಆ ಫೋಟೋ ಅದರಲ್ಲೇ ಇರತ್ತೆ, ಎಷ್ಟೋ ಸಲ ಪಕ್ಕದ ಅಂಗಡಿಯ ಫೋಟೋ ಹಾಕಿರೋದು ಅದನ್ನ ನೋಡಿದ್ಮೇಲೇ ಗೊತ್ತಾಗೋದು.

ಅಪೀಲಲ್ಲಿ ಎಲ್ಲಾ ಹೇಳ್ಕೊಬಹುದಲ್ಲ, ಅದೇ ಸಾಕಲ್ವಾ?

ಸಾಮಾನ್ಯವಾಗಿ ಸಾಕಾಗಲ್ಲ. 1986ರಲ್ಲಿ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಎಲ್.ಕೆ. ರತ್ನ ಕೇಸಲ್ಲಿ ಇದೇ ಪ್ರಶ್ನೆ. ಸಂಸ್ಥೆಯ ಕೌನ್ಸಿಲ್ ಸದಸ್ಯರನ್ನ ಕೇಳದೆ ತಪ್ಪಿತಸ್ಥರು ಅಂತ ತೀರ್ಮಾನಿಸಿತ್ತು, ಹೈಕೋರ್ಟಿಗೆ ಪೂರ್ತಿ ಅಪೀಲ್ ಇದೆಯಲ್ಲ ಅನ್ನೋ ವಾದ ಬಂತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವೃತ್ತಿಯಲ್ಲಿರೋರಿಗೆ ಹೆಸರೇ ಬಂಡವಾಳ, ಅಪೀಲಲ್ಲಿ ಗೆದ್ದರೂ ಅಷ್ಟರಲ್ಲಿ ಹೋದ ಹೆಸರು ಪೂರ್ತಿ ವಾಪಸ್ ಬರಲ್ಲ. ಮೊದಲ ಹಂತದಲ್ಲಿ ಅನ್ಯಾಯ, ಎರಡನೇ ಹಂತದಲ್ಲಿ ನ್ಯಾಯ ಅನ್ನೋ ಜೋಡಿಗೆ ಯಾಕೆ ಒಪ್ಪಬೇಕು, ಎರಡು ಹಂತ ಇಟ್ಟಿರೋದೇ ಎರಡರಲ್ಲೂ ನ್ಯಾಯ ಸಿಗಲಿ ಅಂತ.

ಇದಕ್ಕೆ ಎದುರಾಗಿ ಇಲಾಖೆಯವರು ತಪ್ಪದೇ ತೋರಿಸೋದು ಕೆನರಾ ಬ್ಯಾಂಕಿನ ಎರಡು ಕೇಸು, 2003ರ ದೇಬಸಿಸ್ ದಾಸ್ ಮತ್ತು 2005ರ ಅವಸ್ಥಿ. ಅದರಲ್ಲಿ ನಂತರದ ಹಿಯರಿಂಗ್ ಮುಂಚಿನ ಕೊರತೆಯನ್ನ ಅಳಿಸಿಹಾಕಬಹುದು ಅಂತ ಕೋರ್ಟ್ ಹೇಳಿದ್ದು ನಿಜ. ಆದ್ರೆ ಆ ನೌಕರರಿಗೆ ಚಾರ್ಜ್‌ಶೀಟ್ ಕೊಟ್ಟು ಇಲಾಖಾ ವಿಚಾರಣೆ ನಡೆಸಿದ್ರು. ಮಧ್ಯದ ಒಂದು ಹಂತದಲ್ಲಿ ಕೊರತೆ ಆಗಿತ್ತು, ಅಪೀಲು ಪ್ರಾಧಿಕಾರ ಕರೆದು ಖುದ್ದು ಕೇಳಿತ್ತು, ಆ ಕೊರತೆಯಿಂದ ತಮಗೇನು ತೊಂದರೆ ಆಯ್ತು ಅಂತ ಅವರು ತೋರಿಸಿರಲಿಲ್ಲ. ಇಡೀ ಊಟದಲ್ಲಿ ಉಪ್ಪಿನಕಾಯಿ ಬಿಟ್ಟಿದ್ದಕ್ಕೂ ಎಲೆಯೇ ಹಾಕದೇ ಇದ್ದಿದ್ದಕ್ಕೂ ಇರೋ ವ್ಯತ್ಯಾಸ ಇದು. ನಿಮ್ಮ ಕೇಸಲ್ಲಿ ಬಿಟ್ಟಿದ್ದು ಯಾವುದು ಅಂತ ಮೊದಲು ನೋಡ್ಕೊಳ್ಳಿ, ಯಾಕಂದ್ರೆ ಸಣ್ಣ ಕೊರತೆಗೆ ಶೆಫರ್ಡ್ ಕೇಸ್ ಹಿಡಿದು ಹೋದ್ರೆ ನಿಲ್ಲಲ್ಲ.

'ಮುಂಚೆ ಕೇಳಿದ್ರೂ ಇದೇ ಆರ್ಡರ್ ಆಗ್ತಿತ್ತು' ಅಂತಾರೆ, ಅದಕ್ಕೇನು ಹೇಳೋದು?

1980ರಲ್ಲಿ ಹೊಸದಿಲ್ಲಿ ಮುನಿಸಿಪಲ್ ಕಮಿಟಿಯನ್ನ ಸೂಪರ್‌ಸೀಡ್ ಮಾಡಿದ, ಅಂದ್ರೆ ಇಡೀ ಕಮಿಟಿಯನ್ನೇ ತೆಗೆದುಹಾಕಿದ ಎಸ್.ಎಲ್. ಕಪೂರ್ ಕೇಸಲ್ಲಿ ಕೋರ್ಟ್ ಹೇಳಿದ್ದು, ಕೇಳದೇ ಇದ್ದಿದ್ದೇ ಒಂದು ಹಾನಿ, ಅದಕ್ಕೆ ಬೇರೆ ಹಾನಿ ತೋರಿಸಬೇಕಿಲ್ಲ. ಒಪ್ಪಿಕೊಂಡ ಸಂಗತಿಗಳಿದ್ದು ಒಂದೇ ಒಂದು ತೀರ್ಮಾನಕ್ಕೆ ಜಾಗ ಇದ್ರೆ ಮಾತ್ರ ಕೋರ್ಟ್ ಮಧ್ಯೆ ಬರದೇ ಇರಬಹುದು. ಇತ್ತೀಚಿನ ತೀರ್ಪುಗಳು ಅದಕ್ಕಿಂತ ಬಿಗಿ, ನಿಮಗೆ ಏನು ನಷ್ಟ ಆಯ್ತು ತೋರಿಸಿ ಅಂತ ಕೇಳ್ತಾರೆ. ಆದ್ರೆ 2015ರ ಧರಂಪಾಲ್ ಸತ್ಯಪಾಲ್ ತೀರ್ಪಲ್ಲಿ ಒಂದು ಮುಖ್ಯ ಮಾತಿದೆ: ಕೇಳಿದ್ರೆ ಪ್ರಯೋಜನ ಇರ್ತಿರಲಿಲ್ಲ ಅಂತ ಆಮೇಲೆ ತೀರ್ಮಾನಿಸೋ ಹಕ್ಕು ಕೋರ್ಟಿಗೆ, ಅಧಿಕಾರಿ ಮುಂಚೆಯೇ ತಾನೇ ಹಾಗೆ ಅಂದುಕೊಂಡು ನೋಟಿಸ್ ತಪ್ಪಿಸೋ ಹಾಗಿಲ್ಲ.

ಆದ್ರಿಂದ ಹೈಕೋರ್ಟಿಗೆ ಹಾಕೋ ರಿಟ್ ಅರ್ಜಿಯಲ್ಲಿ ಬರೀ 'ಸಹಜ ನ್ಯಾಯ ಉಲ್ಲಂಘನೆ' ಅಂತ ಬರೆದು ಬಿಡಬೇಡಿ, ಕರೆದಿದ್ರೆ ನಾನು ಇಂಥ ದಾಖಲೆ ತೋರಿಸ್ತಿದ್ದೆ, ಅದರಿಂದ ಇಂಥ ಆರೋಪ ಬಿದ್ದುಹೋಗ್ತಿತ್ತು ಅಂತ ದಾಖಲೆ ಸಮೇತ ಬರೀರಿ.

ಬ್ಯಾಂಕು ನಮ್ಮ ಸಾಲದ ಖಾತೆಯನ್ನ ಫ್ರಾಡ್ ಅಂತ ಘೋಷಿಸಿದೆ, ಈಗ ಮನವಿ ಕೊಡಿ ಅಂತಿದೆ. ಇದು ನಡೆಯತ್ತಾ?

2023ರ ಮಾರ್ಚ್ 27ರ ರಾಜೇಶ್ ಅಗರ್ವಾಲ್ ತೀರ್ಪಿನ ಪ್ರಕಾರ ನಡೆಯಲ್ಲ. ಆರ್‌ಬಿಐನ 2016ರ ಫ್ರಾಡ್ ನಿರ್ದೇಶನದಲ್ಲಿ ಸಾಲಗಾರರನ್ನ ಕೇಳಬೇಕು ಅಂತ ಇರಲಿಲ್ಲ, ಇಲ್ಲದಿದ್ರೂ ಕೇಳಬೇಕು ಅಂತಲೇ ಓದ್ಕೊಳ್ಳಿ ಅಂತ ಸುಪ್ರೀಂ ಕೋರ್ಟ್ ಹೇಳ್ತು, ಯಾಕಂದ್ರೆ ಆ ಹಣೆಪಟ್ಟಿ ಬಿದ್ದ್ರೆ ವರ್ಷಗಟ್ಟಲೆ ಯಾವ ಬ್ಯಾಂಕೂ ಹತ್ರ ಸೇರಿಸಲ್ಲ. ಘೋಷಣೆಗೆ ಮುಂಚೆ ನೋಟಿಸ್, ಫೊರೆನ್ಸಿಕ್ ಆಡಿಟ್ ವರದಿಗೆ ವಿವರಣೆ ಕೊಡೋ ಅವಕಾಶ, ಕಾರಣ ಬರೆದ ಆರ್ಡರ್, ಇಷ್ಟೂ ಬೇಕು. 2024ರ ಜುಲೈನಲ್ಲಿ ಆರ್‌ಬಿಐ ನಿರ್ದೇಶನವನ್ನೇ ಬದಲಾಯಿಸಿ ಉತ್ತರಕ್ಕೆ ಕನಿಷ್ಠ 21 ದಿನ ಅಂತ ಮಾಡ್ತು. ಎಫ್‌ಐಆರ್ ಹಾಕೋಕೆ ಮುಂಚೆ ಮಾತ್ರ ನಿಮ್ಮನ್ನ ಕೇಳಬೇಕಿಲ್ಲ, ಅದನ್ನೂ ಅದೇ ತೀರ್ಪು ಹೇಳತ್ತೆ, ಎರಡನ್ನೂ ಕಲಸಿಕೊಳ್ಳಬೇಡಿ.

ಆರ್ಡರ್ ಆದ್ಮೇಲೆ ಹಿಯರಿಂಗ್‌ಗೆ ಕರೆದ್ರೆ ಹೋಗ್ಬೇಕಾ? ಹೋದ್ರೆ ಒಪ್ಪಿಕೊಂಡ ಹಾಗೆ ಆಗಲ್ವಾ?

ಹೋಗಿ. ಹೋಗದೇ ಇದ್ರೆ ನಾಳೆ ಕೋರ್ಟಲ್ಲಿ 'ಅವಕಾಶ ಕೊಟ್ವಿ, ಇವರೇ ಬರಲಿಲ್ಲ' ಅಂತಾರೆ, ಅದು ನಿಜವಾಗ್ಲೂ ಪೆಟ್ಟು ಕೊಡತ್ತೆ. ಆದ್ರೆ ಹೋದ ಕೂಡ್ಲೆ ಮೊದಲನೇ ಕೆಲಸ ಒಂದು ಪತ್ರ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು. ಮುಂಚೆ ಹಿಯರಿಂಗ್ ಕೊಡದೇ ಇದ್ದಿದ್ದಕ್ಕೆ ನಮ್ಮ ಆಕ್ಷೇಪಣೆ ಇದೆ, ಅದನ್ನ ಬಿಟ್ಟುಕೊಡದೇ ಹಾಜರಾಗ್ತಿದೀವಿ, ಆರ್ಡರ್‌ಗೆ ಆಧಾರವಾದ ದೂರು, ವರದಿ, ಮಹಜರು ಕಾಪಿ ಕೊಡಿ, ಈ ಹಿಯರಿಂಗ್ ಮುಗಿಯೋವರೆಗೂ ಆರ್ಡರ್ ಜಾರಿ ತಡೆಹಿಡೀರಿ. ಇಷ್ಟೇ, ಅರ್ಧ ಪುಟ ಸಾಕು.

ಆ ಪತ್ರಕ್ಕೆ ಸಿಗೋ ಉತ್ತರದಲ್ಲೇ ಹಿಯರಿಂಗ್ ನಿಜವಾದ್ದೋ ಶಾಸ್ತ್ರಕ್ಕೋ ಅಂತ ಗೊತ್ತಾಗತ್ತೆ. ಕಾಪಿ ಕೊಟ್ರೆ, ಜಾರಿ ನಿಲ್ಲಿಸಿದ್ರೆ, ಬೇರೆ ಅಧಿಕಾರಿ ಕೂತು ಕೇಳಿದ್ರೆ ಒಳ್ಳೇ ಲಕ್ಷಣ. ಕಾಪಿ ಕೊಡಲ್ಲ, ಆಮೇಲೆ ಬಂದ ಆರ್ಡರಲ್ಲಿ ನಿಮ್ಮ ಹತ್ತು ಪುಟದ ಉತ್ತರಕ್ಕೆ 'ಸಮಾಧಾನಕರವಾಗಿಲ್ಲ' ಅಂತ ಒಂದೇ ಪದ, ಉಳಿದಿದ್ದೆಲ್ಲ ಹಳೇ ಆರ್ಡರಿನ ಪ್ಯಾರಾಗಳೇ ಅಂದ್ರೆ ಎರಡೂ ಆರ್ಡರ್ ಪಕ್ಕಪಕ್ಕ ಇಟ್ಟು ಒಂದೇ ಥರ ಇರೋ ಸಾಲುಗಳಿಗೆ ಗೆರೆ ಎಳೆದು ರಿಟ್ ಜೊತೆ ಲಗತ್ತಿಸಿ. ಮುಚ್ಚಿದ ಮನಸ್ಸು ಅನ್ನೋದನ್ನ ಸಾಬೀತು ಮಾಡೋಕೆ ಅದಕ್ಕಿಂತ ಸುಲಭದ ದಾರಿ ನಾನು ನೋಡಿಲ್ಲ.

ಹೈಕೋರ್ಟ್ ಕೊನೆಗೆ ಏನು ಮಾಡತ್ತೆ? ಆರ್ಡರ್ ರದ್ದಾದ್ರೆ ನಾವು ಗೆದ್ದ ಹಾಗೇನಾ?

ಪೂರ್ತಿ ಅಲ್ಲ. ಹಿಯರಿಂಗ್ ಇಲ್ಲ ಅನ್ನೋ ಕಾರಣಕ್ಕೆ ರದ್ದಾದ್ರೆ ಸಾಮಾನ್ಯವಾಗಿ ಫೈಲು ವಾಪಸ್ ಅದೇ ಕಚೇರಿಗೆ ಹೋಗತ್ತೆ, ನೋಟಿಸ್ ಕೊಟ್ಟು ಕೇಳಿ ಹೊಸದಾಗಿ ತೀರ್ಮಾನ ಮಾಡಿ ಅಂತ. ಎಷ್ಟೋ ಸಲ 'ಈ ಆರ್ಡರನ್ನೇ ಶೋಕಾಸ್ ನೋಟಿಸ್ ಅಂತ ತಿಳಿದು ಇಷ್ಟು ದಿನದಲ್ಲಿ ಉತ್ತರ ಕೊಡಿ' ಅಂತಲೂ ಆಗತ್ತೆ. ಅದನ್ನ ಕೇಳಿ ಕಕ್ಷಿದಾರರು ಬೇಜಾರಾಗ್ತಾರೆ, ಆದ್ರೆ ಸರಿಯಾಗಿ ನೋಡಿದ್ರೆ ಅದರಲ್ಲಿ ಲಾಭ ಇದೆ: ಆರ್ಡರ್ ನೋಟಿಸ್ ಆಗಿಬಿಟ್ರೆ ಅದರ ಬಲ ಹೋಯ್ತು, ನಿಮ್ಮ ಲೈಸೆನ್ಸೋ ಕೆಲಸವೋ ಅಲ್ಲಿವರೆಗೂ ಉಳೀತು. ಅದೇ ಕೋರ್ಟ್ ಆರ್ಡರ್ ಹಾಗೇ ಉಳಿಸಿ ಬರೀ 'ಮನವಿ ಪರಿಗಣಿಸಿ' ಅಂದ್ರೆ ಸ್ವದೇಶಿ ಮಿಲ್ಸಿಗೆ ಆದ ಹಾಗಾಗತ್ತೆ, ಅಲ್ಲಿ ಮುಂಚೆ ಕೇಳಬೇಕಿತ್ತು ಅನ್ನೋ ತತ್ವದಲ್ಲಿ ಕಂಪನಿ ಗೆದ್ರೂ ಸರ್ಕಾರ ಈಗ ಪೂರ್ತಿ ಹಿಯರಿಂಗ್ ಕೊಡ್ತೀವಿ ಅಂತ ಮಾತು ಕೊಟ್ಟಿದ್ರಿಂದ ಟೇಕೋವರ್ ರದ್ದಾಗಲಿಲ್ಲ. ಅದಕ್ಕೇ ರಿಟ್ ಹಾಕೋವಾಗ ಮಧ್ಯಂತರ ತಡೆಗೆ ಬೇರೆಯಾಗಿ ಕೇಳಿ, ಮತ್ತೆ ಅಡ್ವೊಕೇಟ್ ಜನರಲ್ ಕಡೆಯೋರು 'ನಂತರ ಹಿಯರಿಂಗ್ ಕೊಡ್ತೀವಿ' ಅಂತ ಎದ್ದು ನಿಂತ್ರೆ, ನಿಮ್ಮ ವಕೀಲರು ಆಗಲೇ ಕೇಳಬೇಕಾದ್ದು ಮೂರು: ಯಾವ ತಾರೀಕಿನೊಳಗೆ, ಯಾವ ಅಧಿಕಾರಿ ಮುಂದೆ, ಅಲ್ಲಿವರೆಗೂ ಆರ್ಡರ್ ಸ್ಥಿತಿ ಏನು. ಈ ಮೂರೂ ಕೋರ್ಟಿನ ಆದೇಶದಲ್ಲಿ ಟೈಪ್ ಆಗೋವರೆಗೂ ಕೂರಬೇಡಿ ಅಂತ ನಿಮ್ಮ ವಕೀಲರಿಗೆ ಹೇಳಿ.